ತರಗತಿಯ ಶಿಕ್ಷಕರಿಗೆ ಒಂದು ಪುಟದ ಪತ್ರ

ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಕಾಗದಗಳ ಓಡಾಟ ಆರಂಭವಾಗುತ್ತದೆ. ಮರಣದ ಸುದ್ದಿಯನ್ನು 21 ದಿನಗಳ ಒಳಗೆ ನೋಂದಣಿಗೆ ತಿಳಿಸಬೇಕು. ಮರಣ ಪ್ರಮಾಣಪತ್ರ ಕೈಗೆ ಬಂದ ಮೇಲೆ ತಹಶೀಲ್ದಾರರ ಕಚೇರಿಯಲ್ಲಿ ಕುಟುಂಬ ಸದಸ್ಯರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಅದರ ಹಿಂದೆಯೇ ಬ್ಯಾಂಕಿನ ಖಾತೆ, ಪಡಿತರ ಚೀಟಿ, ವಿಧವಾ ಪಿಂಚಣಿ, ಅಪಘಾತದ ಸಾವಾದರೆ ಪರಿಹಾರದ ಅರ್ಜಿ ಬರುತ್ತವೆ. ಇವುಗಳನ್ನು ಸಿದ್ಧಪಡಿಸುವುದು ವಕೀಲನಾದ ನನ್ನ ನಿತ್ಯದ ಕೆಲಸ. ಆದರೆ ಆ ಮನೆಯ ಮಗು ಶಾಲೆಗೆ ಮರಳುವ ದಿನ ಅದರ ಕೈಯಲ್ಲಿರುವುದು ರಜೆಯ ಅರ್ಜಿ ಒಂದೇ. "ನಮ್ಮ ತಂದೆಯವರು ನಿಧನರಾದ ಕಾರಣ" ಎಂದು ಆರಂಭವಾಗಿ "ರಜೆ ಮಂಜೂರು ಮಾಡಬೇಕಾಗಿ ವಿನಂತಿ" ಎಂದು ಮುಗಿಯುವ ಆ ನಾಲ್ಕು ಸಾಲುಗಳಲ್ಲಿ ಕಳೆದ ದಿನಗಳ ಲೆಕ್ಕ ಇರುತ್ತದೆಯೇ ಹೊರತು ಮುಂದಿನ ದಿನಗಳ ಬಗ್ಗೆ ಒಂದು ಮಾತೂ ಇರುವುದಿಲ್ಲ.

ಮುಂದಿನ ದಿನಗಳ ಬಗ್ಗೆ ಮಾತನಾಡುವ ಕಾಗದವೂ ಒಂದಿದೆ. ಮಗುವನ್ನು ಕಂಡು ಮಾತನಾಡಿದ ಆಪ್ತ ಸಮಾಲೋಚಕರು ಅದರ ತರಗತಿಯ ಶಿಕ್ಷಕರಿಗೆ ಬರೆಯುವ ಪತ್ರವದು. ಅಂಥದೊಂದು ಪತ್ರವನ್ನು ನಾನು ಹತ್ತಿರದಿಂದ ಕಂಡದ್ದು ಭಾಷೆಯ ಕಾರಣದಿಂದ. ಆದೋನಿಗೆ ವಾರಕ್ಕೊಮ್ಮೆ ಬರುತ್ತಿದ್ದ ಸಮಾಲೋಚಕಿ ತೆಲುಗಿನವರು. ಪತ್ರವನ್ನು ಓದಬೇಕಾದ ಶಿಕ್ಷಕರು ಕನ್ನಡ ಮಾಧ್ಯಮದವರು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಆದೋನಿ, ಆಲೂರು ಸೀಮೆಯ ನಮಗೆ ಈ ಬಗೆಯ ದುಭಾಷಿ ಕೆಲಸ ಹೊಸತಲ್ಲ. ತೀರಿಕೊಂಡವರ ಪರಿಹಾರದ ಮೊಕದ್ದಮೆ ನನ್ನಲ್ಲಿತ್ತು. ಆದ್ದರಿಂದ ಆ ತಾಯಿಯೇ, "ಸಾರ್, ಇದನ್ನ ನಮ್ಮ ಮೇಷ್ಟ್ರಿಗೆ ಕನ್ನಡದಾಗ ಬರೆದು ಕೊಡ್ರಿ" ಎಂದು ಕೇಳಿಕೊಂಡರು. ಅವರ ಒಪ್ಪಿಗೆಯಿಂದಲೇ ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹುಡುಗನಿಗೆ 12 ವರ್ಷ; ಆದೋನಿಯ ಪಶ್ಚಿಮಕ್ಕಿರುವ ಒಂದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿ. ತಂಗಿ ಅದೇ ಊರಿನಲ್ಲಿ ಎರಡನೆಯ ತರಗತಿ. ಆಗಸ್ಟ್ ತಿಂಗಳಲ್ಲಿ ಒಂದು ಸಂಜೆ ತಂದೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕರ್ಮಾಂತರಗಳು ಮುಗಿಯುವ ಹೊತ್ತಿಗೆ ಹುಡುಗ ಶಾಲೆ ತಪ್ಪಿಸಿ 16 ದಿನಗಳಾಗಿದ್ದವು. ಹಿರಿಯ ಮಗನಾದ್ದರಿಂದ ತಲೆ ಬೋಳಿಸಲಾಗಿತ್ತು. ಮರಳಿ ಶಾಲೆಗೆ ಹೋಗೆಂದರೆ ಅವನು ನಾಳೆ, ನಾಡಿದ್ದು ಎನ್ನುತ್ತಿದ್ದ. ಹೊಲದ ಕೆಲಸಕ್ಕೆ ಕೈಗಳು ಬೇಕಾಗಿದ್ದ ಮನೆಯವರಿಗೂ ಅವನನ್ನು ಒತ್ತಾಯಿಸುವ ಮನಸ್ಸಿರಲಿಲ್ಲ. ನಮ್ಮ ಕಡೆ ಅಪ್ಪ ಸತ್ತ ಮನೆಯ ಹಿರಿಯ ಹುಡುಗ ಶಾಲೆ ಬಿಡುವುದು ಒಂದು ದಿನದ ನಿರ್ಧಾರದಿಂದಲ್ಲ. ಹೀಗೆ ನಾಳೆ ನಾಡಿದ್ದು ಎನ್ನುತ್ತಲೇ ಹತ್ತಿ ಬಿಡಿಸುವ ಕಾಲ ಬಂದುಬಿಡುತ್ತದೆ.

ಸಮಾಲೋಚಕಿ ಮೊದಲು ತಾಯಿಯನ್ನು, ಅನಂತರ ಹುಡುಗನನ್ನು ಒಂಟಿಯಾಗಿ ಕಂಡರು. ಅವನಿಗೆ ಸಮಾಧಾನದ ಮಾತನ್ನೇನೂ ಹೇಳಲಿಲ್ಲ. ಶಾಲೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರಂತೆ. ತರಗತಿಯವರಿಗೆ ಈಗಾಗಲೇ ಏನು ಗೊತ್ತಿದೆ? ಏನು ಗೊತ್ತಾಗಬೇಕು, ಯಾರ ಬಾಯಿಂದ? ಮೊದಲ ದಿನ ಏನಾದರೆ ನಿನಗೆ ಎದ್ದು ಓಡಬೇಕೆನಿಸುತ್ತದೆ? ಅಳು ಬಂದರೆ ಎಲ್ಲಿಗೆ ಹೋಗುವೆ?

ಉತ್ತರಗಳು ಹಿರಿಯರಾರೂ ಊಹಿಸದಂಥವು. ಅವನಿಗೆ ಎಲ್ಲಕ್ಕಿಂತ ದೊಡ್ಡ ಭಯ ಬೋಳು ತಲೆಯದು. ಎರಡನೆಯದು ಬೆಳಗಿನ ಪ್ರಾರ್ಥನೆಯದು. ಹಿಂದೊಮ್ಮೆ ಬೇರೊಬ್ಬ ವಿದ್ಯಾರ್ಥಿನಿಯ ತಾಯಿ ತೀರಿಕೊಂಡಾಗ ಆ ಹುಡುಗಿಯನ್ನು ಮುಂದೆ ನಿಲ್ಲಿಸಿ ಎರಡು ನಿಮಿಷ ಮೌನ ಆಚರಿಸಿದ್ದರು; ತನ್ನನ್ನೂ ಹಾಗೆಯೇ ನಿಲ್ಲಿಸುತ್ತಾರೆಂದು ಅವನು ನಂಬಿದ್ದ. ಮೂರನೆಯದು ಒಂದು ಮಾತು. ಸಾವಿನ ಮನೆಗೆ ಬಂದವರೆಲ್ಲ "ಇನ್ನು ಮ್ಯಾಲೆ ಮನಿಗೆ ನೀನೇ ಯಜಮಾನ" ಎಂದಿದ್ದರು. ಶಾಲೆಯಲ್ಲಿಯೂ ಅದನ್ನೇ ಕೇಳುವುದು ಅವನಿಗೆ ಬೇಡವಾಗಿತ್ತು. "ಸಾಲ್ಯಾಗ ನಾನು ಏಳನೇ ಕ್ಲಾಸೇ ಇರ್ತೀನಿ" ಎಂದನಂತೆ. ಈ ಮಾತನ್ನು ಸಮಾಲೋಚಕಿ ತಮ್ಮ ಟಿಪ್ಪಣಿಯಲ್ಲಿ ಕನ್ನಡದಲ್ಲಿಯೇ ಬರೆದುಕೊಂಡಿದ್ದರು.

ಕನ್ನಡಕ್ಕೆ ಬಂದ ಪತ್ರ ಹೀಗಿತ್ತು:

"ಮಾನ್ಯ ಶಿಕ್ಷಕರಿಗೆ ನಮಸ್ಕಾರಗಳು.

ನಿಮ್ಮ ತರಗತಿಯ ಈ ವಿದ್ಯಾರ್ಥಿಯ ತಂದೆಯವರು ಕಳೆದ ತಿಂಗಳು ತೀರಿಕೊಂಡರು. ಅವನು ಬರುವ ಸೋಮವಾರ ಶಾಲೆಗೆ ಮರಳುತ್ತಾನೆ. ತಾಯಿಯ ಒಪ್ಪಿಗೆ ಪಡೆದು, ಅವನೊಂದಿಗೆ ಪ್ರತಿಯೊಂದು ಸಾಲನ್ನೂ ಓದಿ, ಈ ಪತ್ರ ಬರೆಯುತ್ತಿದ್ದೇನೆ. ಇದು ತಮಗೆ ಮತ್ತು ಮುಖ್ಯೋಪಾಧ್ಯಾಯರಿಗೆ ಮಾತ್ರ.

ಶನಿವಾರ, ಅವನು ಇಲ್ಲದಿರುವಾಗ, ತರಗತಿಗೆ ಇಷ್ಟು ಹೇಳಬೇಕೆಂದು ಕೋರುತ್ತೇನೆ: 'ನಿಮ್ಮ ಸ್ನೇಹಿತನ ತಂದೆ ತೀರಿಕೊಂಡಿದ್ದಾರೆ. ಸೋಮವಾರ ಅವನು ಬರುತ್ತಾನೆ. ತಲೆ ಬೋಳಿಸಿದ್ದಾರೆ, ಅದರ ಬಗ್ಗೆ ಯಾರೂ ಮಾತನಾಡಬಾರದು. ಹೇಗೆ ಸತ್ತರು ಎಂದು ಕೇಳಬಾರದು. ಆಟಕ್ಕೆ ಎಂದಿನಂತೆ ಕರೆಯಿರಿ.' ಪ್ರಾರ್ಥನೆಯಲ್ಲಿ ಮೌನಾಚರಣೆ, ಘೋಷಣೆ ಬೇಡ ಎಂಬುದು ಅವನ ಇಚ್ಛೆ. ಕೂದಲು ಬೆಳೆಯುವವರೆಗೆ ಟೋಪಿ ಹಾಕಿಕೊಳ್ಳಲು ಅನುಮತಿ ಕೊಡಿ.

ಮೊದಲ ದಿನ ತಾವೊಬ್ಬರೇ, ಬೇರೆಯವರಿಗೆ ಕೇಳದಂತೆ, 'ನಿಮ್ಮ ತಂದೆ ತೀರಿಕೊಂಡದ್ದು ತಿಳಿಯಿತು. ನೀನು ಬಂದದ್ದು ಒಳ್ಳೆಯದಾಯಿತು' ಎಂದರೆ ಸಾಕು. ಅವನು ತನ್ನ ಹಳೆಯ ಜಾಗದಲ್ಲಿ, ಹಳೆಯ ಸ್ನೇಹಿತನ ಪಕ್ಕದಲ್ಲಿ ಕೂರಲು ಬಯಸುತ್ತಾನೆ.

ಅಳು ಬಂದಾಗ ಅವನು ತನ್ನ ಕಂಪಾಸ್ ಪೆಟ್ಟಿಗೆಯನ್ನು ಮೇಜಿನ ಮೂಲೆಗೆ ಸರಿಸುತ್ತಾನೆ. ಆಗ ಏನನ್ನೂ ಕೇಳದೆ ಹೊರಗೆ ಹೋಗಲು ತಲೆಯಾಡಿಸಿ. ನೀರಿನ ತೊಟ್ಟಿಯವರೆಗೆ ಹೋಗಿ ಹತ್ತು ನಿಮಿಷದಲ್ಲಿ ಮರಳುವುದಾಗಿ ಒಪ್ಪಿದ್ದಾನೆ. ಬಾರದಿದ್ದರೆ ಸ್ನೇಹಿತನನ್ನು ಕಳುಹಿಸಿ. ಎಷ್ಟು ಸಲ, ಯಾವ ವೇಳೆಗೆ ಹೋದನೆಂದು ತಾವು ಗುರುತು ಹಾಕಿಕೊಂಡರೆ ನನಗೆ ಉಪಯೋಗವಾಗುತ್ತದೆ.

ತಪ್ಪಿದ 16 ದಿನಗಳ ಪಾಠವನ್ನೆಲ್ಲ ಬರೆಯಿಸಬೇಡಿ. ಮುಂದಿನ ಪಾಠಕ್ಕೆ ಬೇಕೇಬೇಕಾದುದನ್ನು ಮಾತ್ರ ಆರಿಸಿ, ಪ್ರತಿ ವಿಷಯಕ್ಕೆ ಒಂದರಂತೆ, ಮೂರು ವಾರಗಳಲ್ಲಿ ಹಂಚಿ ಕೊಡಿ. ಮನೆಗೆಲಸ ಮೂರು ವಾರ ಅರ್ಧ, ಅನಂತರ ಎಲ್ಲರಷ್ಟೇ. ತಪ್ಪಿಗೆ ಎಲ್ಲರಿಗೂ ಇರುವ ನಿಯಮವೇ ಅವನಿಗೂ ಇರಲಿ.

ಅವನು ನಗುವುದನ್ನು, ಆಡುವುದನ್ನು ಕಂಡರೆ ಮರೆತನೆಂದು ಭಾವಿಸಬೇಡಿ. ಮರುಗಳಿಗೆಯೇ ಮಂಕಾದರೆ ಕಾಯಿಲೆಯೆಂದೂ ಭಾವಿಸಬೇಡಿ. ಗಮನ ನಿಲ್ಲದಿರುವುದು, ಸಣ್ಣ ವಿಷಯಕ್ಕೆ ಸಿಟ್ಟು, ಹೊಟ್ಟೆನೋವು ಕೆಲವು ವಾರ ಇರಬಹುದು. ಒಂದು ತಿಂಗಳಾದ ಮೇಲೆಯೂ ಇವು ಹೆಚ್ಚುತ್ತ ಹೋದರೆ, ಸ್ನೇಹಿತರನ್ನು ಪೂರ್ತಿ ಬಿಟ್ಟರೆ, ಮಧ್ಯಾಹ್ನದ ಊಟ ದಿನವೂ ಬಿಟ್ಟರೆ ನನಗೆ ತಿಳಿಸಿ. ತಾನೂ ಸಾಯಬೇಕು, ಅಪ್ಪನ ಬಳಿಗೆ ಹೋಗಬೇಕು ಎಂಬಂಥ ಮಾತು ಒಮ್ಮೆ ಕೇಳಿಬಂದರೂ ಅವನನ್ನು ಒಂಟಿಯಾಗಿ ಬಿಡದೆ ಆ ದಿನವೇ ತಾಯಿಗೂ ನನಗೂ ಫೋನ್ ಮಾಡಿ.

ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು ಕಾರಣವಿಲ್ಲದೆ ತಪ್ಪಿಸಿದರೆ ಮನೆಗೆ ಹೋಗಿ ವಿಚಾರಿಸಬೇಕೆಂದು ತಾಯಿ ತಾವಾಗಿ ಕೇಳಿಕೊಂಡಿದ್ದಾರೆ. ನ್ಯಾಯಾಲಯದ ದಿನಗಳಲ್ಲಿ ಅವನು ತಾಯಿಯ ಜೊತೆ ಆದೋನಿಗೆ ಹೋಗಬೇಕಾಗಬಹುದು. ಕಾರಣವನ್ನು ತರಗತಿಯ ಮುಂದೆ ಕೇಳಬೇಡಿ.

ಮೂರು ವಾರಗಳ ನಂತರ ತಮ್ಮನ್ನು ಕಾಣುತ್ತೇನೆ. ವರ್ಷದ ಕೊನೆಯಲ್ಲಿ ಈ ಪತ್ರವನ್ನು ಮುಂದಿನ ತರಗತಿಯ ಶಿಕ್ಷಕರಿಗೆ ಕೊಡುವ ಮೊದಲು ಅವನನ್ನು ಒಂದು ಮಾತು ಕೇಳಿ."

ಇದನ್ನು ಕನ್ನಡಿಸುವಾಗ ನನಗೆ ಮೊದಲು ಕಂಡದ್ದು ಇದರಲ್ಲಿ ಏನಿಲ್ಲ ಎಂಬುದು. ವಾಹನ ಯಾರದು, ತಪ್ಪು ಯಾರದು, ತಂದೆ ಕುಡಿದಿದ್ದರೇ ಇಲ್ಲವೇ, ಸಾಲವೆಷ್ಟು, ಅಣ್ಣತಮ್ಮಂದಿರ ನಡುವೆ ಹೊಲದ ಜಗಳವಿದೆಯೇ, ಇವೆಲ್ಲವೂ ಸಮಾಲೋಚಕಿಗೆ ಗೊತ್ತಿತ್ತು. ಮೊಕದ್ದಮೆಯ ಕಾರಣದಿಂದ ನನಗೂ ಗೊತ್ತಿತ್ತು. ಪತ್ರದಲ್ಲಿ ಒಂದೂ ಬರಲಿಲ್ಲ. "ಖಿನ್ನತೆ", "ಆಘಾತ" ಎಂಬ ಪದಗಳೂ ಬರಲಿಲ್ಲ. ನಾನು ಕಾರಣ ಕೇಳಿದಾಗ ಅವರು, ಶಿಕ್ಷಕರು ಸೋಮವಾರ ಬೆಳಗ್ಗೆ ಏನಾದರೂ ಮಾಡಲು ಯಾವ ಮಾತು ಬೇಕೋ ಅದು ಮಾತ್ರ ಪತ್ರದಲ್ಲಿರಬೇಕು, ಉಳಿದದ್ದು ಹುಡುಗನ ಸ್ವತ್ತು ಎಂದರು. ಮಾನಸಿಕ ಆರೋಗ್ಯ ಸೇವೆ ಪಡೆಯುವವರ ವಿವರಗಳ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯ 23ನೆಯ ಕಲಮು ಹಕ್ಕೆಂದೇ ಹೇಳುತ್ತದೆ. ಅದನ್ನು ನಾನು ಕಾಯಿದೆಯ ಪುಸ್ತಕದಲ್ಲಿ ಓದಿದ್ದೆ. ಆ ಹಕ್ಕು ಒಂದು ಪುಟದ ಪತ್ರದಲ್ಲಿ ಯಾವ ರೂಪ ತಾಳುತ್ತದೆಂಬುದು ಇಲ್ಲಿ ಕಂಡಿತು. ನಮ್ಮ ಹಳ್ಳಿಯ ಶಾಲೆಗಳಲ್ಲಿ ಕಾಗದವೊಂದು ಶಿಕ್ಷಕರ ಕೊಠಡಿಯ ಮೇಜಿನ ಮೇಲೆ ಒಂದು ದಿನ ಬಿದ್ದಿದ್ದರೆ ಸಂಜೆಗೆ ಊರಿನ ಕಟ್ಟೆಯ ಮೇಲೆ ಅದರ ಮಾತು ನಡೆಯುತ್ತದೆ. ಹಾಗೆ ಹೊರಗೆ ಬಿದ್ದರೂ ಹುಡುಗನಿಗೆ ನಾಚಿಕೆಯಾಗದಷ್ಟು ಮಾತ್ರ ಅದರಲ್ಲಿತ್ತು.

ಎರಡನೆಯದು ಸಾವಿಗೆ ಬಳಸಿದ ಪದ. ತೆಲುಗಿನ ಪತ್ರದಲ್ಲಿ "ಚನಿಪೋಯಾರು" ಎಂದು ನೇರವಾಗಿ ಇತ್ತು. ಕನ್ನಡದಲ್ಲಿ ನಮಗೆ ಗೌರವದ ದಾರಿಗಳು ಅನೇಕ: ದೈವಾಧೀನರಾದರು, ಸ್ವರ್ಗಸ್ಥರಾದರು, ಶಿವೈಕ್ಯರಾದರು. ನಾನು "ದೈವಾಧೀನರಾದರು" ಎಂದು ಬರೆಯಬಹುದೇ ಎಂದು ಕೇಳಿದೆ. ಸಮಾಲೋಚಕಿ ಆ ಪದದ ಅರ್ಥ ಕೇಳಿ ತಿಳಿದುಕೊಂಡು, ತರಗತಿಯ ಮಕ್ಕಳಿಗೆ ಓದಿ ಹೇಳಬೇಕಾದ ವಾಕ್ಯದಲ್ಲಿ ಅದು ಬೇಡ ಎಂದರು. ಏಕೆಂಬುದಕ್ಕೆ ಅದೇ ಮನೆಯ ತಂಗಿ ಸಾಕ್ಷಿಯಾಗಿದ್ದಳು. ಏಳು ವರ್ಷದ ಆಕೆಗೆ ಯಾರೋ "ಅಪ್ಪ ಊರಿಗೆ ಹೋಗ್ಯಾನ" ಎಂದಿದ್ದರು. ಆಕೆ ಪ್ರತಿ ಸಂಜೆ ಬಸ್ಸಿನ ಹೊತ್ತಿಗೆ ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದಳು. ಬರದ ಅಪ್ಪನ ಮೇಲೆ ಆಕೆಗೆ ಸಿಟ್ಟಿತ್ತು. ಸತ್ತವರು ಮರಳುವುದಿಲ್ಲ, ಅವರ ದೇಹಕ್ಕೆ ಹಸಿವು ನೋವುಗಳಿಲ್ಲ ಎಂಬ ತಿಳಿವಳಿಕೆ ಮಕ್ಕಳಲ್ಲಿ ಸುಮಾರು ಐದರಿಂದ ಏಳು ವರ್ಷಗಳ ನಡುವೆ ಬಲಿಯುತ್ತದೆ. ಆ ಹೊತ್ತಿನಲ್ಲಿ ನಾವು ಕೊಡುವ ಮಾತು ಅಡ್ಡದಾರಿಯದಾದರೆ ಮಗು ಅದೇ ದಾರಿಯಲ್ಲಿ ಕಾಯುತ್ತ ನಿಲ್ಲುತ್ತದೆ. ಆಕೆಗೆ ತಾಯಿಯೇ, ತೊಡೆಯ ಮೇಲೆ ಕೂರಿಸಿಕೊಂಡು, "ಅಪ್ಪ ಸತ್ತು ಹೋಗ್ಯಾನ, ಬರಂಗಿಲ್ಲ" ಎಂದು ಹೇಳಿದರು. ಬಸ್ಸಿಗೆ ಕಾಯುವುದು ಒಂದೇ ದಿನದಲ್ಲಿ ನಿಲ್ಲಲಿಲ್ಲ. ಆದರೆ ಸಿಟ್ಟು ಅಳುವಾಗಿ ಮಾರ್ಪಟ್ಟಿತು. ನಾನು ಹುಡುಗನ ಪತ್ರದಲ್ಲಿ ಗೌರವವೂ ಸ್ಪಷ್ಟತೆಯೂ ಇರುವ "ತೀರಿಕೊಂಡರು" ಎಂಬ ಪದವನ್ನೇ ಬಳಸಿದೆ.

ಮೂರನೆಯದು ಪಾಠದ ಲೆಕ್ಕ. "ಅವನ ಕಡೆ ಸ್ವಲ್ಪ ಸಹಾನುಭೂತಿ ಇರಲಿ" ಎಂದು ಬರೆಯುವುದು ಸುಲಭ. ಸಹಾನುಭೂತಿಗೆ ಗಡುವಿಲ್ಲದಿದ್ದರೆ ಎರಡು ಬಗೆಯಲ್ಲಿ ಕೆಡುತ್ತದೆ. ಒಂದೋ ಎರಡನೆಯ ವಾರಕ್ಕೆ ಅದು ಮುಗಿದುಹೋಗಿ, ರಾಶಿ ಬಿದ್ದ ಟಿಪ್ಪಣಿಗಳನ್ನೆಲ್ಲ ಬರೆದು ತಾ ಎಂಬ ಆಜ್ಞೆ ಬರುತ್ತದೆ. ಇಲ್ಲವೇ ವರ್ಷವಿಡೀ "ಪಾಪ, ಅಪ್ಪ ಇಲ್ಲದ ಹುಡುಗ" ಎಂದು ಯಾರೂ ಏನನ್ನೂ ಕೇಳದೆ ಅವನು ಕೊನೆಯ ಬೆಂಚಿಗೆ ಸರಿಯುತ್ತಾನೆ. ಪತ್ರದಲ್ಲಿದ್ದ ಮೂರು ವಾರ, ಅರ್ಧ ಮನೆಗೆಲಸ, ವಿಷಯಕ್ಕೊಂದು ಪಾಠ ಎಂಬ ಅಳತೆಗಳು ಶಿಕ್ಷಕರಿಗೂ ಹುಡುಗನಿಗೂ ಒಂದು ದಡ ತೋರಿಸಿದವು. ಶಿಸ್ತಿನ ಸಾಲೂ ಇದೇ ಕಾರಣಕ್ಕೆ. ಎಲ್ಲರಿಗೂ ಬೈಯುವ ತಪ್ಪಿಗೆ ತನಗೊಬ್ಬನಿಗೆ ಬೈಯದಿದ್ದರೆ ಮಗುವಿಗೆ ತಾನು ಬೇರೆಯಾದೆನೆಂದು ದಿನವೂ ನೆನಪಾಗುತ್ತದೆ.

ಪತ್ರ ತಲುಪಿದ ಮೇಲೆ ಎಲ್ಲವೂ ಬರೆದಂತೆಯೇ ನಡೆಯಲಿಲ್ಲ. ತರಗತಿಯ ಶಿಕ್ಷಕರು ಶನಿವಾರ ಹೇಳಬೇಕಾದುದನ್ನು ಹೇಳಿದರು, ಟೋಪಿಗೂ ತೊಂದರೆಯಾಗಲಿಲ್ಲ. ಆದರೆ ಪತ್ರ ಕಾಣದ ಇನ್ನೊಬ್ಬ ಶಿಕ್ಷಕರು ಮಂಗಳವಾರವೇ ಅವನ ಬೆನ್ನು ತಟ್ಟಿ, ಅಮ್ಮನನ್ನು ನೀನೇ ನೋಡಿಕೊಳ್ಳಬೇಕು, ಅಳಬಾರದು ಎಂದರು. ಅದು ಪ್ರೀತಿಯ ಮಾತೇ. ಹುಡುಗ ಆ ದಿನ ಊಟಕ್ಕೆ ಕೂರಲಿಲ್ಲ. ಹೀಗಾದ ಮೇಲೆ ತರಗತಿಯ ಶಿಕ್ಷಕರು ಹುಡುಗನನ್ನು ಕೇಳಿ, ಉಳಿದವರಿಗೆ ಪತ್ರವನ್ನು ತೋರಿಸದೆ, ಎರಡು ಮಾತು ಮಾತ್ರ ತಿಳಿಸಿದರು: ಮನೆಯ ಜವಾಬ್ದಾರಿಯ ಮಾತು ಎತ್ತಬೇಡಿ, ಕಂಪಾಸ್ ಪೆಟ್ಟಿಗೆ ಸರಿಸಿದರೆ ಹೊರಗೆ ಬಿಡಿ.

ಎರಡನೆಯ ವಾರ ಆ ಗುರುತಿನಿಂದಲೇ ಒಂದು ಸಂದೇಹ ಹುಟ್ಟಿತು. ಮೊದಲ ವಾರ ಎರಡು ಸಲ ಹೊರಗೆ ಹೋಗಿದ್ದವನು ಈಗ ಐದು ದಿನಗಳಲ್ಲಿ ಐದು ಸಲ ಹೋಗಿದ್ದ. ದುಃಖ ಹೆಚ್ಚುತ್ತಿದೆಯೇ? ಶಿಕ್ಷಕರು ವೇಳೆಯನ್ನು ಬರೆದಿಟ್ಟಿದ್ದುದು ಇಲ್ಲಿ ನೆರವಾಯಿತು. ಐದೂ ಸಲ ಅವನು ಎದ್ದದ್ದು ಗಣಿತದ ಅವಧಿಯಲ್ಲಿ. ದುಃಖ ವೇಳಾಪಟ್ಟಿಯನ್ನು ಹಿಡಿದು ಬರುವುದಿಲ್ಲ. ಅದು ಒಂದು ಹಾಡಿಗೆ, ಒಂದು ವಾಸನೆಗೆ, ಅಪ್ಪನಂಥ ಅಂಗಿ ತೊಟ್ಟವರನ್ನು ಕಂಡಾಗ ಥಟ್ಟನೆ ಬಂದು ಹೋಗುತ್ತದೆ. ಒಂದೇ ಅವಧಿಗೆ ತಪ್ಪದೆ ಬರುತ್ತಿದ್ದರೆ ಕಾರಣ ಆ ಅವಧಿಯಲ್ಲಿರಬೇಕು. ವಿಚಾರಿಸಿದಾಗ, ಅವನು ಇಲ್ಲದ ದಿನಗಳಲ್ಲಿ ಸರಳ ಸಮೀಕರಣಗಳ ಪಾಠ ಆರಂಭವಾಗಿತ್ತು. ಅಕ್ಷರವೊಂದು ಸಂಖ್ಯೆಯ ಜಾಗದಲ್ಲಿ ಏಕೆ ಕೂರುತ್ತದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ನಾಲ್ಕು ಮಧ್ಯಾಹ್ನ ಅರ್ಧ ಗಂಟೆ ಕೂರಿಸಿಕೊಂಡು ಹೇಳಿಕೊಟ್ಟ ಮೇಲೆ ಹೊರಗೆ ಹೋಗುವುದು ವಾರಕ್ಕೊಮ್ಮೆಗೆ ಇಳಿಯಿತು. ಆ ಟಿಪ್ಪಣಿ ಇಲ್ಲದಿದ್ದರೆ ಅವನನ್ನು ಆಸ್ಪತ್ರೆಗೆ ಕಳುಹಿಸುತ್ತಿದ್ದರೋ, ನೆಪ ಹೂಡುತ್ತಾನೆಂದು ಗದರುತ್ತಿದ್ದರೋ, ಎರಡೂ ಸಾಧ್ಯವಿತ್ತು.

ನಿಜವಾದ ಪರೀಕ್ಷೆ ಬಂದದ್ದು ದಸರೆಯ ನಂತರ. ಹತ್ತಿ ಒಡೆದಿತ್ತು. ಕೋಸಿಗಿ, ಕೌತಾಳಂ, ಪೆದ್ದಕಡುಬೂರು ಕಡೆಯ ಅನೇಕ ಮನೆಗಳು ಹೊಟ್ಟೆಪಾಡಿಗೆ ಬೇರೆ ಊರಿಗೆ ಹೊರಡುವ ಕಾಲವೂ ಅದೇ. ಹುಡುಗ ಒಂದು ವಾರ ಸತತವಾಗಿ ತಪ್ಪಿಸಿದ. ಸೋದರಮಾವ ಹೊಲಕ್ಕೆ ಕರೆದೊಯ್ದಿದ್ದರು. ಪತ್ರದಲ್ಲಿ ತಾಯಿಯೇ ಕೇಳಿಕೊಂಡಿದ್ದ ಸಾಲು ಇದ್ದುದರಿಂದ ಶಿಕ್ಷಕರಿಗೆ ಮನೆಯ ಬಾಗಿಲಿಗೆ ಹೋಗಲು ಸಂಕೋಚವಾಗಲಿಲ್ಲ. ಪರರ ಮನೆಯ ವಿಚಾರಕ್ಕೆ ಬಂದಿರೆಂದು ಮಾವನೂ ಹೇಳುವಂತಿರಲಿಲ್ಲ. 14 ವರ್ಷದೊಳಗಿನ ಮಗುವನ್ನು ದುಡಿಮೆಗೆ ಹಚ್ಚುವುದನ್ನು ಕಾಯಿದೆ ನಿಷೇಧಿಸುತ್ತದೆ. ಸ್ವಂತ ಮನೆತನದ ಕೆಲಸಕ್ಕೆ ಕೈಜೋಡಿಸಬಹುದು, ಅದೂ ಶಾಲೆಯ ವೇಳೆಯ ಆಚೆ ಅಥವಾ ರಜೆಯಲ್ಲಿ ಮಾತ್ರ. ಇದನ್ನು ನಾನು ಮಾವನಿಗೆ ಹೇಳಿದೆ. ಆದರೆ ಕಾಯಿದೆಯ ಮಾತಿನಿಂದ ಕೂಲಿಯ ಹಣ ಹುಟ್ಟುವುದಿಲ್ಲ. ತಂದೆ ಇಲ್ಲದ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವದ ನೆರವು ಇದೆ. ವಿಧವೆಯಾದ ತಾಯಿಯೊಂದಿಗೆ ಇರುವ ಮಗು ಅದಕ್ಕೆ ಅರ್ಹ. ಮನೆಯ ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ ಮೀರಿರಬಾರದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಟ್ಟೆವು. ಅರ್ಜಿ ಹಾಕಿದವರಿಗೆಲ್ಲ ಇದು ದೊರೆಯುವುದಿಲ್ಲ, ದೊರೆತರೂ ತಡವಾಗುತ್ತದೆ. ಹುಡುಗ ಮರಳಿ ತರಗತಿಗೆ ಬಂದದ್ದು ಹಣದಿಂದಲ್ಲ. ಶನಿವಾರ ಸಂಜೆ ಮತ್ತು ಭಾನುವಾರ ಹೊಲಕ್ಕೆ, ಉಳಿದ ದಿನ ಶಾಲೆಗೆ ಎಂದು ಶಿಕ್ಷಕರ ಎದುರಿನಲ್ಲಿ ತಾಯಿ ಮತ್ತು ಮಾವ ಆಡಿದ ಮಾತಿನಿಂದ.

ಪತ್ರದ ಕೊನೆಯ ಸಾಲು, ಮುಂದಿನ ತರಗತಿಯ ಶಿಕ್ಷಕರಿಗೆ ದಾಟಿಸುವ ಮಾತು, ನನಗೆ ಆಗ ಔಪಚಾರಿಕವೆನಿಸಿತ್ತು. ಸಮಾಲೋಚಕಿ ಅದಕ್ಕೊಂದು ಆಧಾರ ಹೇಳಿದರು. ಅಮೆರಿಕದ ಬೋಸ್ಟನ್ ಪ್ರದೇಶದಲ್ಲಿ ವಿಲಿಯಂ ವರ್ಡನ್ ಮತ್ತು ಫಿಲಿಸ್ ಸಿಲ್ವರ್‌ಮನ್ ಎಂಬ ವಿದ್ವಾಂಸರು ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 70 ಕುಟುಂಬಗಳ 125 ಶಾಲಾ ಮಕ್ಕಳನ್ನು ಎರಡು ವರ್ಷಗಳ ಕಾಲ ಗಮನಿಸಿದರು. ಹೆಚ್ಚಿನ ಮಕ್ಕಳು ಕಾಲಕ್ರಮದಲ್ಲಿ ಚೇತರಿಸಿಕೊಂಡರು. ಆದರೆ ತೊಂದರೆಗೆ ಒಳಗಾದ ಮಕ್ಕಳು ತಮ್ಮ ಜೊತೆಗಾರರಿಗಿಂತ ಎದ್ದು ಕಂಡದ್ದು ಮೊದಲ ವರ್ಷಕ್ಕಿಂತ ಎರಡನೆಯ ವರ್ಷದ ಕೊನೆಯಲ್ಲಿ. ಅಂದರೆ ಊರೆಲ್ಲ ಮರೆತ ಮೇಲೆ. ನಮ್ಮ ಹುಡುಗನ ಲೆಕ್ಕದಲ್ಲಿ ಎರಡನೆಯ ವರ್ಷ ಮುಗಿಯುವುದು ಒಂಬತ್ತನೆಯ ತರಗತಿಯ ನಡುವೆ. ಆಗ ಶಿಕ್ಷಕರು ಬೇರೆ, ಪಬ್ಲಿಕ್ ಪರೀಕ್ಷೆಯ ಒತ್ತಡ ಹತ್ತಿರ. "ನನ್ನ ತಂದೆ" ಎಂಬ ಪ್ರಬಂಧವನ್ನು ಬರೆಯಿಸುವವರಿಗೆ, ಪಾಲಕರ ಸಭೆಗೆ "ಅಪ್ಪನನ್ನು ಕರೆದುಕೊಂಡು ಬಾ" ಎನ್ನುವವರಿಗೆ, ವರ್ಷಾಬ್ದಿಕದ ಮರುದಿನ ಪರೀಕ್ಷೆ ಇಡುವವರಿಗೆ ತಿಳಿದಿರದಿದ್ದರೆ ಅವರ ತಪ್ಪಲ್ಲ. ತಿಳಿಸುವವರು ಬೇಕು. ಹುಡುಗ ಎಂಟನೆಯ ತರಗತಿಗೆ ಹೋದಾಗ, ಪತ್ರ ಕೊಡಲೇ ಎಂದು ಕೇಳಿದ್ದಕ್ಕೆ, "ಕೊಡ್ರಿ, ಟೋಪಿ ಸಾಲು ತೆಗೀರಿ" ಎಂದ. ತೆಗೆದು ಹೊಸದಾಗಿ ಬರೆದು ಕೊಟ್ಟೆವು.

ನಮ್ಮ ಸೀಮೆಯ ಹೆಚ್ಚಿನ ಶಾಲೆಗಳಿಗೆ ಸಮಾಲೋಚಕರು ಬರುವುದಿಲ್ಲ ಎಂಬುದು ಓದುಗರಿಗೆ ಗೊತ್ತೇ ಇದೆ. ಬಾರದ ಕಡೆ ಚಿಕ್ಕಪ್ಪನೋ, ಅತ್ತೆಯೋ, ಊರಿನ ಓದಿದ ಹೆಣ್ಣುಮಗಳೋ ಇದನ್ನು ಬರೆಯಬಹುದು. ಮೊದಲು ಮಗುವನ್ನು ಆ ನಾಲ್ಕು ಪ್ರಶ್ನೆ ಕೇಳಬೇಕು; ಅದರ ಉತ್ತರವನ್ನು ಶಿಕ್ಷಕರು ಮಾಡಬಹುದಾದ ಕೆಲಸವಾಗಿ ಬರೆಯಬೇಕು; ಬರೆದದ್ದನ್ನು ಮಗುವಿಗೆ ಓದಿ ಹೇಳಿ ಅದು ಬೇಡವೆಂದುದನ್ನು ಹೊಡೆದುಹಾಕಬೇಕು; ಯಾವಾಗ ಯಾರಿಗೆ ಫೋನ್ ಮಾಡಬೇಕೆಂಬುದು ಕೊನೆಯಲ್ಲಿರಬೇಕು. ಸಾಯುವ ಮಾತು ಕೇಳಿಬಂದಾಗ ಮಾತ್ರ ಮನೆಯವರ ಪತ್ರ ಸಾಲದು. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡುವವರು ದೊರೆಯುತ್ತಾರೆ. ಮಕ್ಕಳ ಸಹಾಯವಾಣಿ 1098. ಇವೆರಡನ್ನೂ ಪತ್ರದ ಅಡಿಯಲ್ಲಿ ಬರೆದು, ಮಡಚಿ, ಮಗು ಶಾಲೆಗೆ ಹೋಗುವ ಎರಡು ದಿನ ಮೊದಲು ತರಗತಿಯ ಶಿಕ್ಷಕರ ಕೈಗೆ ಕೊಡಿ. ಮಗುವಿನ ಚೀಲದಲ್ಲಿಟ್ಟು ಕಳುಹಿಸಬೇಡಿ.